ಓದು, ಹಂದರ, ಬರವಣಿಗೆ: ಮೂರನ್ನೂ ಬಿಡಿಸಿ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೇಖನ ಬರೆಯುವವರ ಜೊತೆಗಿನ ಮಾತುಕತೆಗಳಲ್ಲಿ, ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಉತ್ತರಗಳನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಸುಮಾರು 800ರಿಂದ 2000 ಪದಗಳ ಮಾಹಿತಿ ಲೇಖನ. ಕಥೆ, ಕವಿತೆಯ ವಿಷಯ ಬೇರೆ. ಅದು ಕೊನೆಯಲ್ಲಿ ಬರುತ್ತದೆ.

## ಮೊದಲ ಪ್ರಶ್ನೆಗಳು

ಓದ್ತಾ ಓದ್ತಾ ಬರೀತಾ ಹೋದ್ರೆ ಏನು ತೊಂದರೆ? ನಾನು ಹಾಗೇ ಬರೆಯೋದು.

ಒಂದು ಪುಟದ ಬರಹಕ್ಕೆ ಏನೂ ತೊಂದರೆ ಇಲ್ಲ. ಲೇಖನ ಉದ್ದವಾದಾಗ ತೊಂದರೆ ಶುರುವಾಗುತ್ತದೆ.

ಬರೆಯುತ್ತಾ ಇರುವಾಗ ತಲೆಯಲ್ಲಿ ಕೆಲವು ವಿಷಯಗಳನ್ನು ಒಟ್ಟಿಗೆ ಹಿಡಿದುಕೊಂಡಿರುತ್ತೀರಿ. ಈ ವಾಕ್ಯ ಎಲ್ಲಿಂದ ಶುರುವಾಯಿತು, ಈ ಪ್ಯಾರಾ ಎಲ್ಲಿಗೆ ಹೋಗಬೇಕು, ಹಿಂದೆ ಏನು ಹೇಳಿದ್ದೇನೆ, ಹೀಗೆ. ಅಷ್ಟರಲ್ಲಿ ಒಂದು ಇಸವಿ ಬೇಕಾಗುತ್ತದೆ. ಹುಡುಕಲು ಹೋಗುತ್ತೀರಿ. ಇಸವಿ ಸಿಗುತ್ತದೆ, ಜೊತೆಗೆ ಎರಡು ಹೊಸ ವಿಷಯಗಳೂ ಸಿಗುತ್ತವೆ. ವಾಪಸ್ ಬರುವಷ್ಟರಲ್ಲಿ ಹಿಡಿದುಕೊಂಡಿದ್ದೆಲ್ಲ ಕೈಜಾರಿ ಹೋಗಿರುತ್ತದೆ. ಆಗ ಏನು ಮಾಡುತ್ತೀರಿ? ಮೊದಲಿನಿಂದ ಓದುತ್ತೀರಿ. ಓದುವಾಗ ಒಂದು ವಾಕ್ಯ ಸರಿಯಿಲ್ಲ ಅನ್ನಿಸುತ್ತದೆ, ಅದನ್ನು ತಿದ್ದುತ್ತೀರಿ. ಹೀಗೆ ಒಂದು ಇಸವಿಗಾಗಿ ಹದಿನೈದು ನಿಮಿಷ ಹೋಗುತ್ತದೆ.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಪ್ರಯೋಗಗಳಲ್ಲಿ ತೋರಿಸಿದರು. ಒಂದು ಕೆಲಸ ಮುಗಿಯದೇ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ. ಓದುತ್ತಾ ಬರೆಯುವವರು ಇಡೀ ದಿನ ಮಾಡುವುದು ಇದನ್ನೇ. ಅವರ ಓದೂ ಮುಗಿದಿರುವುದಿಲ್ಲ, ಬರವಣಿಗೆಯೂ ಮುಗಿದಿರುವುದಿಲ್ಲ.

ಹಾಗಾದ್ರೆ ಮೂರನ್ನೂ ಮೂರು ದಿನ ಮಾಡ್ಬೇಕಾ?

ಬೇಡ. ಮೂರು ಬೇರೆ ಅವಧಿ ಸಾಕು. ಒಂದೇ ದಿನ ಬೆಳಿಗ್ಗೆ ಓದು, ಮಧ್ಯಾಹ್ನ ಹಂದರ, ಸಂಜೆ ಬರವಣಿಗೆ ಅಂತ ಮಾಡಬಹುದು. ಹಂದರ ಅಂದರೆ ಔಟ್‌ಲೈನ್. ಬಳ್ಳಿ ಹಬ್ಬುವ ಮೊದಲೇ ಕಟ್ಟಿಟ್ಟಿರುವ ಆಧಾರ ಅದು, ಹಾಗಾಗಿ ಆ ಪದ ನನಗೆ ಇಷ್ಟ.

ಗಡಿಯಾರಕ್ಕಿಂತ ಮುಖ್ಯವಾದದ್ದು ಒಂದಿದೆ. ಪ್ರತಿ ಅವಧಿಯ ಕೊನೆಗೆ ಕೈಯಲ್ಲಿ ಒಂದು ವಸ್ತು ಇರಬೇಕು. ಓದಿನ ಅವಧಿ ಮುಗಿದಾಗ ನೋಟ್ಸ್. ಹಂದರದ ಅವಧಿ ಮುಗಿದಾಗ ಐದಾರು ವಾಕ್ಯಗಳ ಒಂದು ಹಾಳೆ. ಬರವಣಿಗೆ ಮುಗಿದಾಗ ಕರಡು. ಮುಂದಿನ ಅವಧಿಗೆ ಹೋಗುವಾಗ ಹಿಂದಿನ ಅವಧಿಯ ಆ ಒಂದೇ ವಸ್ತುವನ್ನು ತೆಗೆದುಕೊಂಡು ಹೋಗಬೇಕು. ಹಂದರ ಹಾಕುವಾಗ ನೋಟ್ಸ್ ಮಾತ್ರ ಎದುರಿಗಿರಲಿ, ಮೂಲ ಪುಸ್ತಕ ಮುಚ್ಚಿರಲಿ. ಬರೆಯುವಾಗ ಹಂದರ ಮತ್ತು ನೋಟ್ಸ್ ಮಾತ್ರ ಇರಲಿ, ಬ್ರೌಸರ್ ಬೇಡ. ಇಂಟರ್ನೆಟ್ ಆಫ್ ಮಾಡಿ ಕೂತರೆ ಬರೆಯಲು ಆಗುತ್ತದೆಯೇ? ಆಗುತ್ತದೆ ಅಂದರೆ ಹಿಂದಿನ ಎರಡು ಅವಧಿಗಳು ಸರಿಯಾಗಿ ಆಗಿವೆ ಅಂತ ಅರ್ಥ.

ಎರಡು ಅವಧಿಗಳ ನಡುವೆ ಹತ್ತು ನಿಮಿಷವಾದರೂ ಕುರ್ಚಿ ಬಿಟ್ಟು ಏಳಿ. ಓದಿನ ನಂತರ ಒಂದು ರಾತ್ರಿ ಕಳೆದರೆ ಇನ್ನೂ ಒಳ್ಳೆಯದು. ಯಾವ ವಿಷಯ ತಲೆಯಲ್ಲಿ ನಿಂತಿದೆ, ಯಾವುದು ಜಾರಿದೆ ಅಂತ ಮಾರನೇ ದಿನ ಚೆನ್ನಾಗಿ ಗೊತ್ತಾಗುತ್ತದೆ.

ಒಂದೊಂದಕ್ಕೂ ಎಷ್ಟು ಹೊತ್ತು ಇಡ್ಬೇಕು?

ಗೊತ್ತಿರುವ ಕ್ಷೇತ್ರದಲ್ಲಿ 1000 ಪದದ ಲೇಖನಕ್ಕೆ ನಾನು ಓದಿಗೆ ಒಂದು ಗಂಟೆ, ಹಂದರಕ್ಕೆ ಅರ್ಧ ಗಂಟೆ, ಬರವಣಿಗೆಗೆ ನಲವತ್ತು ನಿಮಿಷಗಳ ಎರಡು ಅವಧಿ ಇಡುತ್ತೇನೆ. ಹೊಸ ಕ್ಷೇತ್ರವಾದರೆ ಓದಿನ ಹೊತ್ತು ಎರಡು ಮೂರು ಪಟ್ಟಾಗುತ್ತದೆ. ಉಳಿದವು ಅಷ್ಟಾಗಿ ಬದಲಾಗುವುದಿಲ್ಲ. ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರಬಹುದು.

## ಓದು ಮತ್ತು ನೋಟ್ಸ್

ಓದೋದು ನಿಲ್ಲಿಸೋಕೇ ಆಗಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ವಾರ ಕಳೆದುಹೋಗತ್ತೆ. ಯಾವಾಗ ನಿಲ್ಲಿಸ್ಬೇಕು?

ಓದು ಶುರುಮಾಡುವ ಮೊದಲೇ ನಿಲ್ಲುವ ಜಾಗ ಗುರುತಿಸಿಟ್ಟುಕೊಳ್ಳಿ. ಅದಕ್ಕೆ ಸುಲಭವಾದ ದಾರಿ ಪ್ರಶ್ನೆಗಳ ಪಟ್ಟಿ. ಈ ಲೇಖನ ಓದುವವರು ಏನು ಕೇಳುತ್ತಾರೆ ಅಂತ ಯೋಚಿಸಿ ಐದರಿಂದ ಏಳು ಪ್ರಶ್ನೆ ಬರೆಯಿರಿ. ಓದುವುದು ಆ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮಾತ್ರ. ಎಲ್ಲದಕ್ಕೂ ಉತ್ತರ ಸಿಕ್ಕಿತು ಅಂದರೆ ಓದು ಮುಗಿಯಿತು.

ಓದುವಾಗ ಹೊಸ ಪ್ರಶ್ನೆ ಹುಟ್ಟುತ್ತದೆ. ಹುಟ್ಟಲಿ. ಅದನ್ನು ಪಟ್ಟಿಯ ಕೆಳಗೆ ಗೆರೆ ಎಳೆದು ಬರೆದಿಡಿ, ಆದರೆ ತಕ್ಷಣ ಅದರ ಹಿಂದೆ ಹೋಗಬೇಡಿ. ಮೇಲಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಗೆರೆಯ ಕೆಳಗಿನದನ್ನು ನೋಡಿ. ಅದರಲ್ಲಿ ಒಂದೋ ಎರಡೋ ಮಾತ್ರ ಈ ಲೇಖನಕ್ಕೆ ಸೇರಿದ್ದಾಗಿರುತ್ತದೆ. ಉಳಿದದ್ದು ಇನ್ನೊಂದು ಲೇಖನದ ಬೀಜ.

ಇನ್ನೊಂದು ಗುರುತೂ ಇದೆ. ಹೊಸ ಮೂಲ ತೆರೆದಾಗ ಅದರಲ್ಲಿ ಇರುವುದೆಲ್ಲ ಆಗಲೇ ನಿಮ್ಮ ನೋಟ್ಸ್‌ನಲ್ಲಿ ಇದೆ ಅನ್ನಿಸುತ್ತದೆ. ಹಾಗೆ ಎರಡು ಸಲ ಸತತವಾಗಿ ಆದರೆ ನಿಲ್ಲಿಸಿ. ಅಲ್ಲಿಂದ ಮುಂದಿನ ಓದು ಬರೆಯುವುದನ್ನು ಮುಂದೂಡಲು ಮಾಡುವ ಓದು. ಅದು ಕೆಲಸದ ಹಾಗೇ ಕಾಣುತ್ತದೆ, ಅದಕ್ಕೇ ಅದನ್ನು ಗುರುತಿಸುವುದು ಕಷ್ಟ.

ನೋಟ್ಸ್ ಮಾಡಿರ್ತೀನಿ, ಆದ್ರೆ ಬರೆಯುವಾಗ ಮತ್ತೆ ಮೂಲ ತೆಗೆದು ನೋಡ್ಬೇಕಾಗತ್ತೆ. ಹೇಗೆ ಬರ್ಕೊಳ್ಳೋದು?

ನಿಮ್ಮ ನೋಟ್ಸ್ ಬಹುಶಃ ಎರಡು ಬಗೆಯಲ್ಲಿ ಒಂದಾಗಿರುತ್ತದೆ. ಮೂಲದಿಂದ ಹಾಗೇ ಎತ್ತಿಟ್ಟ ದೊಡ್ಡ ಪ್ಯಾರಾ, ಇಲ್ಲವೇ "ಕ್ಯಾಲೆಂಡರ್ ಸುಧಾರಣೆ, 1582" ಎಂಬಂಥ ತುಂಡು. ಪ್ಯಾರಾವನ್ನು ಬರೆಯುವಾಗ ಮತ್ತೆ ಓದಿ ಅರ್ಥ ಮಾಡಿಕೊಳ್ಳಬೇಕು. ತುಂಡು ನೋಡಿದರೆ ಪೂರ್ತಿ ವಿಷಯ ನೆನಪಾಗುವುದಿಲ್ಲ. ಎರಡೂ ನಿಮ್ಮನ್ನು ಮೂಲಕ್ಕೇ ವಾಪಸ್ ಕಳಿಸುತ್ತವೆ.

ಒಂದು ನೋಟ್‌ನಲ್ಲಿ ಒಂದೇ ಸಂಗತಿ ಇರಲಿ. ಅದು ಪೂರ್ತಿ ವಾಕ್ಯವಾಗಿರಲಿ, ನಿಮ್ಮ ಮಾತಿನಲ್ಲಿರಲಿ. ಕೊನೆಗೆ ಎಲ್ಲಿ ಸಿಕ್ಕಿತು ಅಂತ ಎರಡು ಪದ. ಹೀಗೆ: "1582ರಲ್ಲಿ ಅಕ್ಟೋಬರ್ 4ರ ಮಾರನೇ ದಿನವನ್ನು ಅಕ್ಟೋಬರ್ 15 ಅಂತ ಎಣಿಸಿದರು, ಹತ್ತು ತಾರೀಕುಗಳು ಕ್ಯಾಲೆಂಡರ್‌ನಿಂದ ಬಿಟ್ಟುಹೋದವು. ಖಗೋಳ ಪುಸ್ತಕ, ಪುಟ ಇಷ್ಟು." ಈ ವಾಕ್ಯವನ್ನು ಕರಡಿಗೆ ನೇರವಾಗಿ ಸೇರಿಸಬಹುದು. ಹಾಗೆ ಸೇರಿಸಲು ಆಗದ ನೋಟ್ ಇನ್ನೂ ಅರ್ಧ ಮಾತ್ರ ಆಗಿದೆ.

ಮೂಲ ಬೇರೆ ಭಾಷೆಯಲ್ಲಿದ್ದರೆ ಇದು ಇನ್ನೂ ಮುಖ್ಯ. ನೋಟ್ ಮಾಡುವಾಗಲೇ ನೀವು ಬರೆಯುವ ಭಾಷೆಗೆ ತಂದುಕೊಳ್ಳಿ. ಹಾಗೆ ಮಾಡದಿದ್ದರೆ ಬರೆಯುವಾಗ ಅನುವಾದ ಅನ್ನುವ ನಾಲ್ಕನೇ ಕೆಲಸವೂ ಸೇರಿಕೊಳ್ಳುತ್ತದೆ, ವಾಕ್ಯಗಳು ಆ ಭಾಷೆಯ ಗಾಳಿಯನ್ನೇ ಹೊತ್ತು ಬರುತ್ತವೆ.

ಮೂಲದ ಮಾತನ್ನು ಹಾಗೇ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಹಾಕಲೇಬೇಕು. ಒಮ್ಮೆ ನಾನು ಹಾಕದೇ ಬಿಟ್ಟಿದ್ದೆ. ಮೂರು ವಾರದ ನಂತರ ನೋಡಿದಾಗ ಆ ವಾಕ್ಯ ನನ್ನದೋ ಬೇರೆಯವರದೋ ತಿಳಿಯಲಿಲ್ಲ. ಇಡೀ ಪ್ಯಾರಾ ತೆಗೆದುಹಾಕಬೇಕಾಯಿತು.

## ಹಂದರ

ಔಟ್‌ಲೈನ್ ಹಾಕಿದ್ರೂ ಬರೆಯೋಕೆ ಕೂತಾಗ ಮುಂದೇನು ಅಂತ ಗೊತ್ತಾಗಲ್ಲ. ಯಾಕೆ?

ನಿಮ್ಮ ಔಟ್‌ಲೈನ್ ತೆಗೆದು ನೋಡಿ. "ಪೀಠಿಕೆ, ಇತಿಹಾಸ, ಕಾರಣಗಳು, ಪರಿಣಾಮ, ಮುಕ್ತಾಯ" ಅಂತ ಇದೆಯಾ? ಇದು ಖಾಲಿ ಡಬ್ಬಗಳ ಸಾಲು. ಮೇಲೆ ಹೆಸರು ಬರೆದಿದೆ, ಒಳಗೆ ಏನಿದೆ ಅಂತ ಇನ್ನೂ ತೀರ್ಮಾನವಾಗಿಲ್ಲ. ಬರೆಯಲು ಕೂತಾಗ ಆ ತೀರ್ಮಾನ ಮಾಡಬೇಕಾಗುತ್ತದೆ, ಜೊತೆಗೆ ವಾಕ್ಯವನ್ನೂ ಕಟ್ಟಬೇಕು. ಕೈ ನಿಲ್ಲುವುದು ಅಲ್ಲೇ.

ಪ್ರತಿ ಪ್ಯಾರಾಕ್ಕೂ ಒಂದು ಪೂರ್ತಿ ವಾಕ್ಯ ಬರೆಯಿರಿ. ಅದರಲ್ಲಿ ಕ್ರಿಯಾಪದ ಇರಲೇಬೇಕು. "ಇತಿಹಾಸ" ಅನ್ನುವ ಕಡೆ "ಹಳೆಯ ಕ್ಯಾಲೆಂಡರ್ ವರ್ಷಕ್ಕೆ ಹನ್ನೊಂದು ನಿಮಿಷ ಜಾಸ್ತಿ ಎಣಿಸುತ್ತಿತ್ತು" ಅಂತ ಬರೆದಾಗ ಆ ಪ್ಯಾರಾ ಏನು ಹೇಳಬೇಕು ಅಂತ ತೀರ್ಮಾನ ಆಗಿಹೋಯಿತು. ಉಳಿದದ್ದು ಅದನ್ನು ಬಿಡಿಸಿ ಹೇಳುವುದಷ್ಟೇ.

ಆಮೇಲೆ ಆ ವಾಕ್ಯಗಳನ್ನು ಮಾತ್ರ ಒಂದರ ಹಿಂದೆ ಒಂದು ಜೋರಾಗಿ ಓದಿ. ಒಂದರಿಂದ ಇನ್ನೊಂದಕ್ಕೆ "ಹಾಗಾಗಿ", "ಆದರೆ", "ಯಾಕೆಂದರೆ" ಅಂತ ಹೇಳಿ ದಾಟಲು ಆಗುತ್ತಿದೆಯಾ? "ಮತ್ತೆ", "ಇನ್ನೊಂದು ವಿಷಯ" ಅಂತ ಮಾತ್ರ ಹೇಳಲು ಆಗುತ್ತಿದ್ದರೆ ಅಲ್ಲಿ ಜೋಡಣೆ ಇಲ್ಲ. ಆ ಎರಡು ವಾಕ್ಯಗಳ ಜಾಗ ಅದಲು ಬದಲು ಮಾಡಿ, ಇಲ್ಲವೇ ಒಂದನ್ನು ಬಿಡಿ. ಹಂದರದಲ್ಲಿ ಒಂದು ಸಾಲು ಬಿಡುವುದು ಒಂದು ಕ್ಷಣದ ಕೆಲಸ. ಕರಡಿನಲ್ಲಿ ಅದೇ ಪ್ಯಾರಾ ಬಿಡಲು ಮನಸ್ಸು ಬರುವುದಿಲ್ಲ, ಕಷ್ಟಪಟ್ಟು ಬರೆದಿರುತ್ತೀರಿ ಅಲ್ವಾ?

ಒಂದು ಲೇಖನ ಹೀಗೆ ಶುರುವಿಂದ ಕೊನೆವರೆಗೆ ಹೇಗೆ ಆಯ್ತು ಅಂತ ತೋರಿಸ್ತೀರಾ?

ಮೇಲಿನ ಕ್ಯಾಲೆಂಡರ್ ಲೇಖನವನ್ನೇ ತೆಗೆದುಕೊಳ್ಳೋಣ. ವಿಷಯ: ಅಧಿಕ ವರ್ಷ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ ಅನ್ನುತ್ತೇವೆ, ಹಾಗಿದ್ದರೆ 1900 ಯಾಕೆ ಅಧಿಕ ವರ್ಷ ಆಗಿರಲಿಲ್ಲ? ಗುರಿ 900 ಪದ.

ಓದಿನ ಅವಧಿಗೆ ಐದು ಪ್ರಶ್ನೆ ಬರೆದುಕೊಂಡೆ. ವರ್ಷದ ನಿಜವಾದ ಉದ್ದ ಎಷ್ಟು? ಹಳೆಯ ಕ್ಯಾಲೆಂಡರ್‌ನಲ್ಲಿ ತಪ್ಪು ಎಲ್ಲಿತ್ತು? ಆ ತಪ್ಪು ಯಾರ ಕಣ್ಣಿಗೆ ಬಿತ್ತು? ಹೇಗೆ ಸರಿಮಾಡಿದರು? ಈಗಿನದು ಪೂರ್ತಿ ಸರಿಯಿದೆಯೇ? ಐವತ್ತು ನಿಮಿಷದಲ್ಲಿ ಹದಿನಾಲ್ಕು ನೋಟ್ ಆದವು. ಬೇರೆ ಬೇರೆ ದೇಶಗಳು ಹೊಸ ಕ್ಯಾಲೆಂಡರ್‌ಗೆ ಯಾವಾಗ ಬಂದವು ಅನ್ನುವ ಕಥೆ ತುಂಬ ಸೆಳೆಯಿತು. ಬ್ರಿಟನ್ 1752ರವರೆಗೆ ಕಾಯಿತು, ಅಷ್ಟರಲ್ಲಿ ಅದು ಬಿಡಬೇಕಾದ ದಿನ ಹನ್ನೊಂದಾಗಿತ್ತು. ಆದರೆ ನನ್ನ ಐದು ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಗೆರೆಯ ಕೆಳಗೆ ಬರೆದಿಟ್ಟೆ.

ಮಾರನೇ ದಿನ ನೋಟ್ಸ್ ಮಾತ್ರ ಹರಡಿಕೊಂಡು ಅರ್ಧ ಗಂಟೆ ಕೂತೆ. ಈ ಆರು ವಾಕ್ಯಗಳಾದವು:

1. ನಾಲ್ಕರಿಂದ ಭಾಗವಾದರೂ 1900ರಲ್ಲಿ ಫೆಬ್ರವರಿ 29 ಬರಲಿಲ್ಲ.
2. ಯಾಕೆಂದರೆ ವರ್ಷದ ಉದ್ದ 365.25 ದಿನವಲ್ಲ, ಸುಮಾರು 365.2422 ದಿನ.
3. ಈ ವ್ಯತ್ಯಾಸ ವರ್ಷಕ್ಕೆ ಹನ್ನೊಂದು ನಿಮಿಷ ಮಾತ್ರ, ಆದರೆ ಸುಮಾರು 128 ವರ್ಷಕ್ಕೆ ಒಂದು ಪೂರ್ತಿ ದಿನವಾಗುತ್ತದೆ.
4. ಹಾಗಾಗಿ 1582ರ ಹೊತ್ತಿಗೆ ಹಗಲು ರಾತ್ರಿ ಸಮವಾಗುವ ದಿನ ಹತ್ತು ದಿನ ಹಿಂದೆ ಸರಿದಿತ್ತು, ಪೋಪ್ 13ನೇ ಗ್ರೆಗರಿ ಆ ಹತ್ತು ದಿನ ಬಿಡಿಸಿದರು.
5. ಆದರೆ ದಿನ ಬಿಟ್ಟರೆ ಸಾಲದು, ಮತ್ತೆ ಹಾಗಾಗಬಾರದು ಅಂತ 400 ವರ್ಷದಲ್ಲಿ 100 ಇದ್ದ ಅಧಿಕ ವರ್ಷಗಳನ್ನು 97ಕ್ಕೆ ಇಳಿಸಿದರು.
6. ಹಾಗಾಗಿ 400ರಿಂದ ಭಾಗವಾಗುವ 2000 ಅಧಿಕ ವರ್ಷವಾಯಿತು, 2100 ಆಗುವುದಿಲ್ಲ.

ಮೊದಲು ನಾಲ್ಕನೇ ವಾಕ್ಯದ ಜಾಗದಲ್ಲಿ ಹಳೆಯ ಕ್ಯಾಲೆಂಡರ್ ತಂದ ಜೂಲಿಯಸ್ ಸೀಸರ್ ಬಗ್ಗೆ ಒಂದು ಸಾಲು ಇತ್ತು. ಮೂರನೆಯದರಿಂದ ಅಲ್ಲಿಗೆ ದಾಟಲು "ಇನ್ನೊಂದು ವಿಷಯ" ಅಂತಲೇ ಹೇಳಬೇಕಾಗುತ್ತಿತ್ತು. ಅದನ್ನು ಎರಡನೆಯದರೊಳಗೆ ಒಂದು ಅರ್ಧ ವಾಕ್ಯವಾಗಿ ಸೇರಿಸಿದೆ.

ಬರೆಯಲು ಕೂತಾಗ ಆರನೇ ವಾಕ್ಯದಿಂದ ಶುರುಮಾಡಿದೆ, ಅದು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಆಮೇಲೆ ಎರಡು, ಮೂರು, ನಾಲ್ಕು, ಐದು. ಮೊದಲನೆಯದು ಕೊನೆಗೆ. ಒಟ್ಟು 75 ನಿಮಿಷ, ಎರಡು ಅವಧಿಗಳಲ್ಲಿ. ಮಧ್ಯೆ ಐದು ಕಡೆ ಮಾಹಿತಿ ಖಾಲಿ ಬಿಟ್ಟಿದ್ದೆ. ಅದನ್ನು ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ಎಲ್ಲ ಸೇರಿ ಮೂರು ಗಂಟೆಗೆ ಐದು ನಿಮಿಷ ಕಡಿಮೆ. ತಿದ್ದಿದ್ದು ಇನ್ನೊಂದು ದಿನ.

## ಬರವಣಿಗೆಯ ಅವಧಿ

ಬರೆಯುವಾಗ ಒಂದು ಅಂಕಿನೋ ಹೆಸರೋ ಬೇಕಾಗತ್ತೆ. ಆಗಲೂ ಹುಡುಕ್ಬಾರ್ದಾ?

ಬೇಡ. ಆ ಜಾಗದಲ್ಲಿ ಒಂದು ಗುರುತು ಹಾಕಿ ಮುಂದೆ ಹೋಗಿ. ನಾನು `@@` ಹಾಕುತ್ತೇನೆ, ಯಾಕೆಂದರೆ ಸಾಮಾನ್ಯ ಬರಹದಲ್ಲಿ ಅದು ಎಲ್ಲೂ ಬರುವುದಿಲ್ಲ. ಇಂಗ್ಲಿಷ್ ಪತ್ರಕರ್ತರು ಇದೇ ಕೆಲಸಕ್ಕೆ `TK` ಅಂತ ಬರೆಯುತ್ತಾರೆ. ಆ ಎರಡು ಅಕ್ಷರ ಅವರ ಭಾಷೆಯಲ್ಲಿ ಜೊತೆಯಾಗಿ ಬರುವುದು ತುಂಬ ಅಪರೂಪ, ಹುಡುಕಿದರೆ ಖಾಲಿ ಜಾಗಗಳೇ ಸಿಗುತ್ತವೆ.

ಗುರುತಿನ ಪಕ್ಕದಲ್ಲಿ ಏನು ಬೇಕು ಅಂತಲೂ ಬರೆಯಿರಿ:

```
ಈ ತಪ್ಪನ್ನು @@ಯಾರು, ಯಾವ ವರ್ಷ ಮೊದಲು ಗುರುತಿಸಿದರು.
```

ಬರೀ `@@` ಬಿಟ್ಟರೆ ಎರಡು ದಿನದ ನಂತರ ಅಲ್ಲಿ ಏನು ಬೇಕಿತ್ತು ಅಂತ ನಿಮಗೇ ನೆನಪಿರುವುದಿಲ್ಲ. ಕರಡು ಮುಗಿದ ಮೇಲೆ `Ctrl+F` ಒತ್ತಿ ಒಂದೊಂದನ್ನೇ ಹುಡುಕಿ ತುಂಬಿ. ಇದೂ ಒಂದು ಪುಟ್ಟ ಓದಿನ ಅವಧಿಯೇ. ಆದರೆ ಈಗ ಏನು ಬೇಕು ಅಂತ ಖಚಿತವಾಗಿ ಗೊತ್ತಿದೆ, ಹಾಗಾಗಿ ಒಂದೊಂದಕ್ಕೆ ಮೂರು ನಾಲ್ಕು ನಿಮಿಷ ಸಾಕು. ಕೆಲವು ಖಾಲಿ ಜಾಗ ತುಂಬುವ ಅಗತ್ಯವೇ ಇಲ್ಲ ಅಂತಲೂ ಆಗ ಗೊತ್ತಾಗುತ್ತದೆ. ವಾಕ್ಯ ಅದಿಲ್ಲದೆಯೇ ನಿಲ್ಲುತ್ತದೆ.

ಕಳಿಸುವ ಮೊದಲು ಇನ್ನೊಂದು ಸಲ `@@` ಹುಡುಕಿ ನೋಡುವುದನ್ನು ಮಾತ್ರ ಮರೆಯಬೇಡಿ.

ಯಾವುದಕ್ಕೆ ಈ ಗುರುತು ಸಲ್ಲದು? ಉತ್ತರ ಬೇರೆಯಾದರೆ ಪ್ಯಾರಾದ ದಿಕ್ಕೇ ಬದಲಾಗುತ್ತದೆ ಅನ್ನುವಂಥ ಸಂಗತಿಗೆ. ಅಂಥದ್ದು ಬಂದರೆ ಆ ಪ್ಯಾರಾ ಬಿಟ್ಟು ಹಂದರದ ಇನ್ನೊಂದು ವಾಕ್ಯಕ್ಕೆ ಹೋಗಿ.

ಬರೆದ ವಾಕ್ಯ ಸರಿಮಾಡದೇ ಮುಂದೆ ಹೋಗೋಕೆ ನನ್ನಿಂದ ಆಗಲ್ಲ. ಒರಟಾಗಿ ಬರೆದ್ರೆ ಗುಣಮಟ್ಟ ಹಾಳಾಗಲ್ವಾ?

ಈ ಭಯ ನ್ಯಾಯವಾದದ್ದೇ. ರೊನಾಲ್ಡ್ ಕೆಲ್ಲಾಗ್ ಎಂಬ ಮನಶ್ಶಾಸ್ತ್ರಜ್ಞ 1988ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ವಿದ್ಯಾರ್ಥಿಗಳಿಗೆ ಪತ್ರ ಬರೆಯಲು ಹೇಳಿ, ಕೆಲವರು ಮೊದಲು ಹಂದರ ಹಾಕುವಂತೆ, ಕೆಲವರು ಹಾಕದಂತೆ ಮಾಡಿದರು. ಹಾಗೆಯೇ ಕೆಲವರು ಮೊದಲ ಕರಡನ್ನು ಒರಟಾಗಿ, ಕೆಲವರು ನಯವಾಗಿ ಬರೆದರು. ಹಂದರ ಹಾಕಿದವರ ಪತ್ರಗಳು ಚೆನ್ನಾಗಿದ್ದವು. ಒರಟು ಕರಡಿಗೂ ನಯವಾದ ಕರಡಿಗೂ ಕೊನೆಯ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಒರಟಾಗಿ ಬರೆದ ಮಾತ್ರಕ್ಕೆ ಲೇಖನ ಕೆಡುವುದಿಲ್ಲ. ಒರಟಾಗಿ ಬರೆದ ಮಾತ್ರಕ್ಕೆ ಉತ್ತಮವೂ ಆಗುವುದಿಲ್ಲ. ಗುಣಮಟ್ಟಕ್ಕೆ ಸಹಾಯ ಮಾಡುವುದು ಹಂದರ. ಕರಡನ್ನು ಓಡಿಸುವುದು ಕೆಲಸ ಮುಗಿಯಲಿ ಅಂತ. ತಿದ್ದಲು ಬೇರೆಯೇ ಅವಧಿ ಇದೆ ಅಂತ ಗಟ್ಟಿಯಾಗಿ ನಂಬಿಕೆ ಬಂದರೆ ವಾಕ್ಯ ಬಿಟ್ಟು ಮುಂದೆ ಹೋಗುವುದು ಸುಲಭವಾಗುತ್ತದೆ. ಅದಕ್ಕೇ ತಿದ್ದುವ ಅವಧಿಯ ದಿನ, ಹೊತ್ತು ಎರಡನ್ನೂ ಬರೆಯಲು ಕೂರುವ ಮೊದಲೇ ಗುರುತು ಹಾಕಿಕೊಳ್ಳಿ.

ಆದರೂ ಕೈ ಹಿಂದಕ್ಕೇ ಹೋಗುತ್ತಿದ್ದರೆ ಇಷ್ಟು ಮಾಡಿ ನೋಡಿ. ಸರಿಯಿಲ್ಲದ ವಾಕ್ಯ ಅಳಿಸಬೇಡಿ, ಅದರ ಕೆಳಗೇ ಇನ್ನೊಂದು ಸಲ ಬರೆದು ಮುಂದೆ ಹೋಗಿ. ಎರಡೂ ಇರಲಿ. ಯಾವುದು ಇರಬೇಕು ಅಂತ ತಿದ್ದುವಾಗ ನೋಡಿಕೊಂಡರಾಯಿತು.

ಓದಿದೀನಿ, ಔಟ್‌ಲೈನೂ ಇದೆ. ಆದ್ರೂ ಖಾಲಿ ಪುಟ ನೋಡ್ತಾ ಕೂತಿರ್ತೀನಿ. ಇದಕ್ಕೇನು ಮಾಡೋದು?

ಮೂರನ್ನೂ ಬಿಡಿಸಿ ಮಾಡುವುದರ ದೊಡ್ಡ ಲಾಭ ಸಿಗುವುದು ಇಲ್ಲೇ. ಎಲ್ಲ ಕಲಸಿಕೊಂಡಿದ್ದಾಗ "ಬರೆಯೋಕೆ ಆಗ್ತಿಲ್ಲ" ಅಂತ ಮಾತ್ರ ಗೊತ್ತಾಗುತ್ತದೆ. ಬಿಡಿಸಿದ ಮೇಲೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬಹುದು.

ಪರದೆ ಬಿಟ್ಟು ಬನ್ನಿ. ಎದುರಿಗೆ ಯಾರೋ ಕೂತಿದ್ದಾರೆ ಅಂದುಕೊಂಡು ಮುಂದಿನ ಪ್ಯಾರಾದ ವಿಷಯವನ್ನು ಬಾಯಿಬಿಟ್ಟು ಹೇಳಿ. ಆಗ ಮೂರರಲ್ಲಿ ಒಂದಾಗುತ್ತದೆ. ಹೇಳುತ್ತಾ "ಅದು ಹೇಗೆ ಅಂದ್ರೆ..." ಅಂತ ತಡವರಿಸಿ ನಿಂತರೆ, ನಿಮಗೆ ವಿಷಯ ಗೊತ್ತಿಲ್ಲ. ಸಮಸ್ಯೆ ಓದಿನಲ್ಲಿದೆ, ಆ ಒಂದು ಪ್ರಶ್ನೆ ಬರೆದುಕೊಂಡು ಓದಿಗೆ ವಾಪಸ್ ಹೋಗಿ. ವಿಷಯ ಗೊತ್ತಿದೆ, ಆದರೆ ಇದನ್ನು ಮೊದಲು ಹೇಳಲೋ ಅದನ್ನೋ ಅಂತ ಹಿಂದೆ ಮುಂದೆ ಆಗುತ್ತಿದ್ದರೆ ಸಮಸ್ಯೆ ಹಂದರದಲ್ಲಿದೆ. ಕಾಗದ ತೆಗೆದುಕೊಂಡು ಆ ಒಂದು ಭಾಗವನ್ನು ಮೂರು ಸಣ್ಣ ವಾಕ್ಯಗಳಾಗಿ ಒಡೆಯಿರಿ. ಬಾಯಲ್ಲಿ ಸರಾಗವಾಗಿ ಬಂತು, ಬರೆಯುವಾಗ ಮಾತ್ರ ನಿಲ್ಲುತ್ತದೆ ಅಂದರೆ, ಆ ಮಾತನ್ನೇ ಬರೆಯಿರಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಇಳಿಸಿದರೂ ಸರಿ.

ಮೂರನೇ ಬಗೆಯಲ್ಲಿ ಹೆಚ್ಚಾಗಿ ಒಂದು ನಿಯಮ ಅಡ್ಡ ನಿಂತಿರುತ್ತದೆ. ಮೈಕ್ ರೋಸ್ ಎಂಬ ಅಧ್ಯಾಪಕರು 1980ರಲ್ಲಿ ಹತ್ತು ವಿದ್ಯಾರ್ಥಿಗಳನ್ನು ಮಾತಾಡಿಸಿ ಬರೆದ ಅಧ್ಯಯನ ಇದೆ. ಐವರಿಗೆ ಬರೆಯಲು ಕೂತರೆ ಕೈ ನಿಲ್ಲುತ್ತಿತ್ತು, ಐವರಿಗೆ ಹಾಗಿರಲಿಲ್ಲ. ನಿಲ್ಲುತ್ತಿದ್ದವರು ಬಿಗಿಯಾದ ನಿಯಮಗಳನ್ನೋ ಬಗ್ಗದ ಯೋಜನೆಗಳನ್ನೋ ಹಿಡಿದುಕೊಂಡಿದ್ದರು. ಉಳಿದವರಿಗೂ ನಿಯಮಗಳಿದ್ದವು, ಆದರೆ ಅವು ಕೆಲಸ ಮಾಡದಾಗ ಬಿಡಲು ಅವರು ತಯಾರಿದ್ದರು. ನಿಮ್ಮ ನಿಯಮ ಯಾವುದು ಅಂತ ಹುಡುಕಿ. "ಮೊದಲ ಸಾಲು ಓದುಗರನ್ನು ಹಿಡಿದಿಡಬೇಕು" ಅನ್ನುವುದು ತುಂಬ ಜನರಲ್ಲಿರುತ್ತದೆ. ಅದಕ್ಕೆ ಪರಿಹಾರ, ಮೊದಲ ಪ್ಯಾರಾವನ್ನು ಕೊನೆಗೆ ಬರೆಯುವುದು.

ದುಃಖ, ಅನಾರೋಗ್ಯ, ತುಂಬ ದಣಿವು ಇದ್ದಾಗಿನ ಮಾತು ಬೇರೆ. ಅದು ಬರೆಯುವ ಕ್ರಮದಿಂದ ಸರಿಹೋಗುವಂಥದ್ದಲ್ಲ. ಆಗ ವಿಶ್ರಾಂತಿ ಬೇಕು.

## ಸ್ವಲ್ಪ ಅಭ್ಯಾಸವಾದ ಮೇಲೆ

ಅರ್ಧ ಬರೆದ ಮೇಲೆ ಹಂದರವೇ ತಪ್ಪು ಅನ್ನಿಸಿದ್ರೆ?

ಇದು ಆಗುತ್ತದೆ, ಆಗಬೇಕಾದದ್ದೂ ಹೌದು. ಬರೆಯುವಾಗ ಹೊಸದಾಗಿ ಏನಾದರೂ ಕಾಣುವುದೇ ಬರವಣಿಗೆಯ ಸಂತೋಷ. ಎಷ್ಟು ತಪ್ಪು ಅಂತ ನೋಡಿ. ಒಂದು ಪ್ಯಾರಾ ಹಿಂದೆ ಮುಂದೆ ಆಗಬೇಕು ಅಷ್ಟೇ ಅಂದರೆ ಕರಡಿನಲ್ಲಿ `@@ಇದು ಮೇಲೆ ಹೋಗಲಿ` ಅಂತ ಬರೆದು ಮುಂದೆ ಹೋಗಿ. ಲೇಖನ ಹೇಳಬೇಕಾದ ಮಾತೇ ಬೇರೆ ಅನ್ನಿಸಿದರೆ ಬರೆಯುವುದನ್ನು ಪೂರ್ತಿ ನಿಲ್ಲಿಸಿ, ಕರಡು ಮುಚ್ಚಿ, ಹಂದರದ ಹಾಳೆಯನ್ನು ಹೊಸದಾಗಿ ಬರೆಯಿರಿ. ಕರಡಿನ ಒಳಗೇ ಸರಿಮಾಡಲು ಹೋದರೆ ಹಳೆಯ ಪ್ಯಾರಾಗಳು ಎಳೆಯುತ್ತವೆ. ಹದಿನೈದು ನಿಮಿಷದಲ್ಲಿ ಹೊಸ ಹಂದರ ಆದ ಮೇಲೆ ಹಳೆಯದರಲ್ಲಿ ಯಾವುದು ಉಳಿಯುತ್ತದೆ ಅಂತ ನೋಡಿದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿಯೇ ಉಳಿದಿರುತ್ತದೆ.

ನಾಲ್ಕೈದು ಲೇಖನದ ಓದು ಒಟ್ಟಿಗೇ ಮುಗಿಸಿ, ಆಮೇಲೆ ಎಲ್ಲಾ ಬರೆಯಬಹುದಾ?

ವಿಷಯಗಳು ಹತ್ತಿರ ಹತ್ತಿರ ಇದ್ದರೆ ಮಾಡಬಹುದು, ಲಾಭವೂ ಇದೆ. ಕ್ಯಾಲೆಂಡರ್, ಋತುಗಳು, ಗಡಿಯಾರದ ಇತಿಹಾಸ ಈ ಮೂರಕ್ಕೂ ಒಂದೇ ಕೆಲವು ಪುಸ್ತಕ ಸಾಕಾಗುತ್ತದೆ. ಒಂದು ಸಲ ತೆರೆದರೆ ಮೂರಕ್ಕೂ ನೋಟ್ಸ್ ಆಗುತ್ತದೆ. ಆದರೆ ಓದು ಆರಿಹೋಗುತ್ತದೆ ಅನ್ನುವುದು ನೆನಪಿರಲಿ. ನನ್ನ ಅನುಭವದಲ್ಲಿ ಒಂದು ವಾರ ದಾಟಿದ ನೋಟ್ಸ್‌ನಲ್ಲಿ ಸಂಗತಿ ಇರುತ್ತದೆ, ಅದು ಯಾಕೆ ಮುಖ್ಯ ಅನ್ನಿಸಿತ್ತು ಅನ್ನುವುದು ಹೋಗಿರುತ್ತದೆ. ಹಂದರ ಹಾಗಲ್ಲ. ಪೂರ್ತಿ ವಾಕ್ಯಗಳ ಹಂದರ ತಿಂಗಳ ನಂತರವೂ ಮಾತಾಡುತ್ತದೆ. ಹಾಗಾಗಿ ಒಟ್ಟಿಗೆ ಓದುವುದಾದರೆ ಹಂದರದವರೆಗೂ ಒಟ್ಟಿಗೇ ಹೋಗಿ ನಿಲ್ಲಿಸಿ. ನಾನು ಮೂರಕ್ಕಿಂತ ಜಾಸ್ತಿ ಲೇಖನ ಹೀಗೆ ಹಿಡಿಯುವುದಿಲ್ಲ. ನಾಲ್ಕನೆಯದರ ನೋಟ್ ಮೂರನೆಯದರಲ್ಲಿ ಸೇರಿಕೊಂಡುಬಿಡುತ್ತದೆ.

ನನಗೆ ಸಿಗೋದು ದಿನಕ್ಕೆ ಅರ್ಧ ಗಂಟೆ. ಅದರಲ್ಲಿ ಇದೆಲ್ಲ ಆಗತ್ತಾ?

ಆಗುತ್ತದೆ. ಒಂದು ದಿನಕ್ಕೆ ಒಂದೇ ಬಗೆಯ ಕೆಲಸ ಇಟ್ಟುಕೊಳ್ಳಿ. ಎರಡು ದಿನ ಓದು, ಒಂದು ದಿನ ಹಂದರ, ಮೂರು ದಿನ ಬರವಣಿಗೆ. ಮುಖ್ಯವಾದದ್ದು ಏಳುವ ಮೊದಲಿನ ಎರಡು ನಿಮಿಷ. ನಾಳೆ ಮೊದಲು ಏನು ಮಾಡಬೇಕು ಅಂತ ಒಂದು ಸಾಲು ಬರೆದು ಏಳಿ: "ನಾಳೆ ಮೂರನೇ ವಾಕ್ಯ, 128 ವರ್ಷದ ಲೆಕ್ಕದಿಂದ ಶುರು." ಇದಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಎಲ್ಲಿದ್ದೆ ಅಂತ ಹುಡುಕುವುದಕ್ಕೇ ಹೋಗುತ್ತದೆ.

ಇದರಿಂದ ನಿಜವಾಗ್ಲೂ ಬೇಗ ಆಗ್ತಿದೆಯಾ ಅಂತ ತಿಳಿಯೋದು ಹೇಗೆ?

ಬರವಣಿಗೆಯ ಅವಧಿಯ ವೇಗ ಮಾತ್ರ ಅಳೆದರೆ ಮೋಸಹೋಗುತ್ತೀರಿ. ಅದು ಹೆಚ್ಚುವುದು ಖಂಡಿತ, ಯಾಕೆಂದರೆ ಕಷ್ಟದ ಕೆಲಸವನ್ನು ಬೇರೆ ಅವಧಿಗೆ ಸಾಗಿಸಿದ್ದೀರಿ. ವಿಷಯ ಹಿಡಿದ ಕ್ಷಣದಿಂದ ತಿದ್ದಿ ಮುಗಿಯುವವರೆಗಿನ ಒಟ್ಟು ನಿಮಿಷ ಬರೆದಿಡಿ. ಒಂದೊಂದು ಅವಧಿಯದೂ ಬೇರೆ ಇರಲಿ, `@@` ಎಷ್ಟಿತ್ತು ಅನ್ನುವುದೂ ಇರಲಿ. ಐದಾರು ಲೇಖನ ಆದ ಮೇಲೆ ನೋಡಿ. ಗುರುತುಗಳು ಹದಿನೈದು ಇಪ್ಪತ್ತು ಬರುತ್ತಿದ್ದರೆ ಓದು ಬೇಗ ನಿಲ್ಲಿಸುತ್ತಿದ್ದೀರಿ. ಒಂದೂ ಇಲ್ಲದಿದ್ದರೆ ಬಹುಶಃ ಬೇಕಾದ್ದಕ್ಕಿಂತ ಜಾಸ್ತಿ ಓದುತ್ತಿದ್ದೀರಿ. ತಿದ್ದುವ ಹೊತ್ತು ಏರಿದ್ದರೆ ಹಂದರಕ್ಕೆ ಇನ್ನೂ ಹತ್ತು ನಿಮಿಷ ಕೊಡಿ. ಮೊದಲ ಎರಡು ಲೇಖನ ಹಳೆಯ ರೀತಿಗಿಂತ ನಿಧಾನವೇ ಆಗಬಹುದು. ಅಷ್ಟಕ್ಕೇ ಬಿಡಬೇಡಿ.

ಕಥೆ, ಕವಿತೆಗೂ ಹೀಗೆ ಮಾಡಬಹುದಾ?

ಕವಿತೆಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಏನು ಹೇಳಬೇಕು ಅನ್ನುವುದು ಹೇಗೆ ಹೇಳುತ್ತೇವೆ ಅನ್ನುವುದರಿಂದಲೇ ಹುಟ್ಟುತ್ತದೆ, ಬಿಡಿಸಲು ಬರುವುದಿಲ್ಲ. ಕಥೆಯಲ್ಲಿ ಓದನ್ನು ಬಿಡಿಸಿ ಮಾಡುವುದು ಎಲ್ಲರಿಗೂ ಒಗ್ಗುತ್ತದೆ. ಹಳೆಯ ಕಾಲದ ಕಥೆಯಾದರೆ ಬಟ್ಟೆ, ದೀಪ, ಪ್ರಯಾಣ ಎಲ್ಲ ಮೊದಲೇ ತಿಳಿದಿರಲಿ, ಸಣ್ಣಪುಟ್ಟದ್ದಕ್ಕೆ `@@` ಇರಲಿ. ಹಂದರ ಮಾತ್ರ ಬರೆಯುವವರ ಸ್ವಭಾವಕ್ಕೆ ಬಿಟ್ಟದ್ದು. ಕೆಲವರಿಗೆ ಕಥೆಯ ಕೊನೆ ಮೊದಲೇ ಗೊತ್ತಾದರೆ ಬರೆಯುವ ಆಸೆಯೇ ಹೋಗುತ್ತದೆ. ಅಂಥವರು ಮುಂದಿನ ಒಂದು ದೃಶ್ಯಕ್ಕೆ ಮಾತ್ರ ಒಂದು ವಾಕ್ಯ ಬರೆದುಕೊಂಡು ಕೂರಲಿ. ಆ ದೃಶ್ಯ ಮುಗಿದ ಮೇಲೆ ಇನ್ನೊಂದು ವಾಕ್ಯ.